ಕಂಪನಿ ಇದೆ, ಲೈಸೆನ್ಸ್ ಇದೆಯೇ?

2023ರ ಕೊನೆಯಲ್ಲಿ ಕಲಬುರಗಿಯ ಮೂವರು ಯುವಕರು ರಷ್ಯಾಕ್ಕೆ ಹೊರಟರು. ಸೆಕ್ಯುರಿಟಿ ಕೆಲಸ, ಸಹಾಯಕನ ಕೆಲಸ, ಕೈತುಂಬ ಸಂಬಳ ಎಂದು ಅವರಿಗೆ ಹೇಳಲಾಗಿತ್ತು. ಅಲ್ಲಿಗೆ ಹೋದಮೇಲೆ ಓದಲು ಬಾರದ ರಷ್ಯನ್ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಬಂದೂಕು ಹಿಡಿಯುವ ತರಬೇತಿ ಕೊಟ್ಟು ಯುಕ್ರೇನ್ ಯುದ್ಧದ ಕಡೆಗೆ ಸಾಗಿಸಿದರು. 2024ರ ಫೆಬ್ರುವರಿಯಲ್ಲಿ ಅವರ ಮೊರೆ ಮೊಬೈಲ್ ವಿಡಿಯೊಗಳಲ್ಲಿ ಊರಿಗೆ ತಲುಪಿತು. ಇದೇ ಜಾಲದಲ್ಲಿ ಸಿಕ್ಕಿದ್ದ ಹೈದರಾಬಾದಿನ ಒಬ್ಬ ಯುವಕ, ಗುಜರಾತಿನ ಒಬ್ಬ ಯುವಕ ಯುದ್ಧಭೂಮಿಯಲ್ಲೇ ಸತ್ತರು. ಕಲಬುರಗಿಯ ಮೂವರು ಜೀವಂತವಾಗಿ ಮನೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮೊದಲು ಈ ವಿಷಯ ಭಾರತದ ಪ್ರಧಾನಿ ಮತ್ತು ರಷ್ಯಾ ಅಧ್ಯಕ್ಷರ ಮಾತುಕತೆಯವರೆಗೂ ಹೋಗಬೇಕಾಯಿತು.

ಆ ವರ್ಷದ ಮಾರ್ಚಿನಲ್ಲಿ ಸಿಬಿಐ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಎಫ್‌ಐಆರ್‌ನಲ್ಲಿ ಕೆಲವು ಸಂಸ್ಥೆಗಳ ಹೆಸರುಗಳಿದ್ದವು. ಒಂದು ಸಂಸ್ಥೆಯ ಹೆಸರಿನಲ್ಲಿ 'ಓವರ್‌ಸೀಸ್ ರಿಕ್ರೂಟ್‌ಮೆಂಟ್' ಎಂಬ ಪದಗಳೇ ಇದ್ದವು, ಅದರ ಹಿಂದೆ ಸಾವಿರಾರು ಜನ ನೋಡುತ್ತಿದ್ದ ಯೂಟ್ಯೂಬ್ ಚಾನೆಲ್ ಇತ್ತು. ಇನ್ನು ಕೆಲವು ಟ್ರಾವೆಲ್ಸ್ ಮತ್ತು ವೀಸಾ ಸೇವೆಯ ಹೆಸರು ಹೊತ್ತ ಪ್ರೈವೇಟ್ ಲಿಮಿಟೆಡ್ ಕಂಪನಿಗಳು. ಅಂದರೆ ಹುಡುಗರು ಬೀದಿಯಲ್ಲಿ ಸಿಕ್ಕವನ ಕೈಗೆ ದುಡ್ಡು ಕೊಟ್ಟು ಹೋದವರಲ್ಲ. ಅವರ ಕಣ್ಣಿಗೆ ಕಂಡದ್ದು ಹೆಸರು, ಬೋರ್ಡು, ಕಚೇರಿ ಇರುವ ಕಂಪನಿ.

ನಮ್ಮ ಜನ ಎಡವುವುದು ಸರಿಯಾಗಿ ಇಲ್ಲೇ. 'ಇವರು ಖರೇ ಕಂಪನಿಯವರೇನು?' ಎಂದು ವಿಚಾರಿಸುತ್ತಾರೆ. ಹೌದು ಎಂದು ಗೊತ್ತಾದ ಕೂಡಲೇ ಹಣ ಕಟ್ಟುತ್ತಾರೆ. ಆದರೆ ಖರೇ ಕಂಪನಿ ಆಗಿರುವುದಕ್ಕೂ, ಭಾರತದಿಂದ ಕೆಲಸಗಾರರನ್ನು ಹೊರದೇಶಕ್ಕೆ ಕಳಿಸುವ ಅಧಿಕಾರ ಇರುವುದಕ್ಕೂ ಸಂಬಂಧವೇ ಇಲ್ಲ. ಟ್ರ್ಯಾಕ್ಟರಿಗೆ ಆರ್‌ಸಿ ಬುಕ್ ಇದ್ದ ಮಾತ್ರಕ್ಕೆ ಅದನ್ನು ಓಡಿಸುವವನಿಗೆ ಡ್ರೈವಿಂಗ್ ಲೈಸೆನ್ಸ್ ಇದೆ ಎಂದಾಗುವುದಿಲ್ಲವಲ್ಲ, ಹಾಗೆ.

ಅಥಣಿ ತಾಲ್ಲೂಕಿನ ಐಗಳಿಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ದ್ರಾಕ್ಷಿ ಮತ್ತು ಮನೂಕದ ಸೀಮೆ ಅದು. ಹಂಗಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡಿ ಅವನಿಗೆ ಗೊತ್ತು. ಅವನ ವಾಟ್ಸಾಪಿಗೆ ಒಂದು ಸಂದೇಶ ಬರುತ್ತದೆ: ದುಬೈನಲ್ಲಿ ಪ್ಯಾಕಿಂಗ್ ಹೆಲ್ಪರ್ ಕೆಲಸ, ಊಟ ವಸತಿ ಉಚಿತ, ಹದಿನೈದು ದಿನದಲ್ಲಿ ವೀಸಾ, ಮೊದಲಿಗೆ ಇಪ್ಪತ್ತೈದು ಸಾವಿರ, ವೀಸಾ ಬಂದಮೇಲೆ ಒಂದು ಲಕ್ಷ. ಕಚೇರಿ ಮಿರಜದಲ್ಲಿ. ಕರಾವಳಿಯ ಊರಾಗಿದ್ದರೆ ಗಲ್ಫ್ ಕಂಡು ಬಂದ ಯಾರನ್ನಾದರೂ ಕೇಳಬಹುದಿತ್ತು. ಅಥಣಿ ಸೀಮೆಯಲ್ಲಿ ಅಂಥ ಅನುಭವಸ್ಥರು ಕಡಿಮೆ. ಹುಡುಗ ಕಾಕಾನನ್ನು ಕರೆದುಕೊಂಡು ಮಿರಜಿಗೆ ಹೋಗುತ್ತಾನೆ. ಅಲ್ಲಿ ಎಸಿ ಕೋಣೆ, ಗಾಜಿನ ಟೇಬಲ್, ಗೋಡೆಯ ಮೇಲೆ ಸಾಲಾಗಿ ಚೌಕಟ್ಟು ಹಾಕಿದ ಸರ್ಟಿಫಿಕೇಟುಗಳು.

"ಕಂಪನಿ ರಜಿಸ್ಟರ್ ಐತಿ ಕಾಕಾ, ನಾ ಗೂಗಲ್‌ನಾಗ ನೋಡೇನಿ," ಎನ್ನುತ್ತಾನೆ ಹುಡುಗ.

"ರಜಿಸ್ಟರ್ ಇರ್ಲಿ ತಮ್ಮಾ. ಮಂದಿ ಹೊರಗ ಕಳಸಾಕ ಲೈಸೆನ್ಸ್ ಐತೇನು, ಅದನ್ನ ಕೇಳು," ಎನ್ನಬೇಕು ಕಾಕಾ.

ಗೋಡೆಯ ಮೇಲಿನ ಕಾಗದಗಳನ್ನು ಒಂದೊಂದಾಗಿ ನೋಡೋಣ. ಕಂಪನಿ ಸ್ಥಾಪನೆಯ ಪ್ರಮಾಣಪತ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ್ದು. ಇಂಥ ಹೆಸರಿನ ಕಂಪನಿ ಇಂಥ ದಿನ ಹುಟ್ಟಿತು ಎಂಬುದಷ್ಟೇ ಅದರ ಅರ್ಥ. ಜಿಎಸ್‌ಟಿ ಪ್ರಮಾಣಪತ್ರ ತೆರಿಗೆ ಕಟ್ಟಲು ನೋಂದಾಯಿಸಿಕೊಂಡದ್ದಕ್ಕೆ ಸಾಕ್ಷಿ. ಮಹಾರಾಷ್ಟ್ರದ ಕಡೆ ಎಲ್ಲ ಅಂಗಡಿಗಳಲ್ಲೂ ಕಾಣುವ 'ಶಾಪ್ ಆ್ಯಕ್ಟ್' ಕಾಗದ ಅಂಗಡಿ ತೆರೆದದ್ದಕ್ಕೆ, ಉದ್ಯಮ್ ನೋಂದಣಿ ಸಣ್ಣ ಉದ್ದಿಮೆ ಎನ್ನಿಸಿಕೊಳ್ಳುವುದಕ್ಕೆ. ಐಎಸ್‌ಒ ಮುದ್ರೆ ಖಾಸಗಿ ಸಂಸ್ಥೆಯೊಂದು ಕೊಡುವ ಗುಣಮಟ್ಟದ ಪತ್ರ. ಇವೆಲ್ಲವೂ ಅಸಲಿ ಇರಬಹುದು, ಕೆಲವುಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರಿ ಜಾಲತಾಣದಲ್ಲೇ ತೆರೆದುಕೊಳ್ಳಬಹುದು. ಆದರೂ ಇವುಗಳಲ್ಲಿ ಯಾವುದೂ ಒಬ್ಬನೇ ಒಬ್ಬ ಕೆಲಸಗಾರನನ್ನು ದುಬೈಗೆ ಕಳಿಸುವ ಹಕ್ಕು ಕೊಡುವುದಿಲ್ಲ.

ಆ ಹಕ್ಕು ಕೊಡುವುದು 1983ರ ವಲಸೆ ಕಾಯ್ದೆ. ಅದರ 10ನೇ ಕಲಂ ಪ್ರಕಾರ ನೋಂದಣಿ ಪ್ರಮಾಣಪತ್ರ ಇಲ್ಲದೆ ಯಾರೂ ವಿದೇಶಿ ಕೆಲಸಕ್ಕೆ ನೇಮಕಾತಿ ಏಜೆಂಟರಾಗಿ ವ್ಯವಹರಿಸುವಂತಿಲ್ಲ. ಪ್ರಮಾಣಪತ್ರ ಕೊಡುವವರು ವಿದೇಶಾಂಗ ಸಚಿವಾಲಯದಲ್ಲಿರುವ ವಲಸಿಗರ ಮಹಾರಕ್ಷಕರು. ರಾಜ್ಯ ಸರ್ಕಾರ, ಜಿಲ್ಲಾಧಿಕಾರಿ, ನಗರಸಭೆ ಯಾರಿಗೂ ಈ ಅಧಿಕಾರ ಇಲ್ಲ. ಪ್ರಮಾಣಪತ್ರ ಬೇಕೆಂದರೆ ಏಜೆಂಟ್ ಸರ್ಕಾರದ ಬಳಿ ದೊಡ್ಡ ಮೊತ್ತದ ಬ್ಯಾಂಕ್ ಗ್ಯಾರಂಟಿ ಇಡಬೇಕು. ಕೆಲಸಗಾರನಿಗೆ ಅಲ್ಲಿ ಅನ್ಯಾಯವಾದರೆ ಏಜೆಂಟನನ್ನು ಹಿಡಿದು ಕೇಳಲು ಸರ್ಕಾರದ ಕೈಯಲ್ಲಿ ಇರುವ ಹಗ್ಗ ಅದೇ. ಲೈಸೆನ್ಸ್ ಇಲ್ಲದವನ ವಿಷಯದಲ್ಲಿ ಆ ಹಗ್ಗವೇ ಇರುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ಲೈಸೆನ್ಸಿನ ಮಾತು ಬರಿಯ ಕಾಗದದ ಮಾತಲ್ಲ.

ಲೈಸೆನ್ಸ್ ಸಂಖ್ಯೆಗೆ ಒಂದು ಗುರುತು ಹಿಡಿಯುವಂಥ ಆಕಾರವಿದೆ. ಸಾಮಾನ್ಯವಾಗಿ ಅದು ಹೀಗಿರುತ್ತದೆ:

```
B-xxxx/MUM/COM/1000+/5/xxxx/2019
```

ಮೊದಲ ಅಕ್ಷರ ಬಿ, ಆಮೇಲೆ ಏಜೆಂಟನ ಸಂಖ್ಯೆ. ನಂತರ ರಾಜ್ಯ ಅಥವಾ ನಗರದ ಗುರುತು. ಅದಾದಮೇಲೆ ಒಬ್ಬನೇ ನಡೆಸುವ ಸಂಸ್ಥೆಯೋ, ಪಾಲುದಾರಿಕೆಯೋ, ಕಂಪನಿಯೋ ಎಂಬುದು. 1000+ ಎಂಬುದು ಎಷ್ಟು ಜನರನ್ನು ಕಳಿಸಲು ಅನುಮತಿ ಇದೆ ಎಂಬ ವರ್ಗ, 5 ಎಂದರೆ ಐದು ವರ್ಷದ ಅವಧಿ, ಕೊನೆಯದು ಇಸವಿ. ನೋಂದಾಯಿತ ಏಜೆಂಟ್ ತನ್ನ ಕಚೇರಿಯಲ್ಲೂ, ಪತ್ರಿಕೆ ಮತ್ತು ಸಾಮಾಜಿಕ ಜಾಲತಾಣದ ಜಾಹೀರಾತಿನಲ್ಲೂ ಈ ಸಂಖ್ಯೆಯನ್ನು ಕಾಣುವಂತೆ ಹಾಕಬೇಕು. ಸಂಖ್ಯೆಯೇ ಇಲ್ಲದ ಜಾಹೀರಾತಾದರೆ ವಿಚಾರಣೆ ಅಲ್ಲಿಗೇ ಮುಗಿಯಿತು.

ಸಂಖ್ಯೆ ಇದ್ದರೆ ವಿಚಾರಣೆ ಮುಗಿಯುವುದಿಲ್ಲ, ಶುರುವಾಗುತ್ತದೆ. ಮೊಬೈಲಿನಲ್ಲಿ emigrate.gov.in ಎಂದು ನಾವೇ ಟೈಪ್ ಮಾಡಿ ತೆರೆಯಬೇಕು. ಏಜೆಂಟ್ ಕಳಿಸಿದ ಲಿಂಕ್ ಒತ್ತಬಾರದು, ಅದು ಇದರಂತೆಯೇ ಕಾಣುವ ಬೇರೆ ತಾಣವಾಗಿರಬಹುದು. ವಿಳಾಸದ ಕೊನೆಯಲ್ಲಿ .gov.in ಇರಲೇಬೇಕು. ವಿದೇಶಾಂಗ ಸಚಿವಾಲಯ 2024ರ ಅಕ್ಟೋಬರಿನಲ್ಲಿ ಈ ತಾಣದ ಹೊಸ ರೂಪವನ್ನೂ ಮೊಬೈಲ್ ಆ್ಯಪನ್ನೂ ಬಿಡುಗಡೆ ಮಾಡಿತು. ನೇಮಕಾತಿ ಏಜೆಂಟರ ವಿಭಾಗದಲ್ಲಿ ಹೆಸರು ಅಥವಾ ಲೈಸೆನ್ಸ್ ಸಂಖ್ಯೆ ಹಾಕಿ ಹುಡುಕಲು ಲಾಗಿನ್ ಬೇಕಿಲ್ಲ, ಶುಲ್ಕವೂ ಇಲ್ಲ. ಹೆಸರು ಸಿಕ್ಕರೆ ಅದರ ಸ್ಥಿತಿ ನೋಡಬೇಕು. Active ಎಂದಿದ್ದರೆ ಮಾತ್ರ ಚಾಲ್ತಿಯಲ್ಲಿದೆ. ಅವಧಿ ಮುಗಿದ, ಅಮಾನತಾದ, ರದ್ದಾದ ಲೈಸೆನ್ಸುಗಳೂ ಇರುತ್ತವೆ. ಮಿರಜದ ಗೋಡೆಯ ಮೇಲಿನ ಕಾಗದ ರದ್ದಾದ ಮೇಲೂ ಚೌಕಟ್ಟಿನಲ್ಲಿ ಹಾಗೆಯೇ ತೂಗುತ್ತಿರುತ್ತದೆ. ಆದ್ದರಿಂದ ನಂಬಬೇಕಾದದ್ದು ಪರದೆಯನ್ನು, ಗೋಡೆಯನ್ನಲ್ಲ.

ಇದೇ ತಾಣದಲ್ಲಿ ಅಕ್ರಮ ಏಜೆಂಟರ ಪಟ್ಟಿಯೂ ಇದೆ, ಮೂರು ಸಾವಿರಕ್ಕೂ ಹೆಚ್ಚು ಹೆಸರುಗಳು ಅದರಲ್ಲಿವೆ. ಆದರೆ ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳುವುದು ತಪ್ಪು. ಆ ಪಟ್ಟಿಯಲ್ಲಿ ಇರುವುದು ದೂರು ಬಂದವರ ಹೆಸರು ಮಾತ್ರ. ನಿನ್ನೆ ಅಂಗಡಿ ತೆರೆದ ಮೋಸಗಾರನ ಹೆಸರು ಅಲ್ಲಿ ಇರುವುದಿಲ್ಲ. ಅಕ್ರಮದ ಪಟ್ಟಿಯಲ್ಲಿ ಇಲ್ಲ ಎಂಬುದು ಸಾಲದು, ಸಕ್ರಮದ ಪಟ್ಟಿಯಲ್ಲಿ ಇದ್ದಾರೆ ಎಂಬುದು ಬೇಕು.

ಈಗ ಬರುವುದು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಐಗಳಿಯ ಹುಡುಗ ಸಂಖ್ಯೆ ಹಾಕಿ ಹುಡುಕಿದ, ಸಿಕ್ಕಿತು, ಚಾಲ್ತಿಯಲ್ಲೂ ಇದೆ. ಹಾಗಾದರೆ ಮಿರಜದ ಕಚೇರಿ ಸಕ್ರಮವೇ? ಗೊತ್ತಿಲ್ಲ. ಲೈಸೆನ್ಸ್ ಸಂಖ್ಯೆ ಗುಟ್ಟಿನದಲ್ಲ, ಯಾವ ಜಾಹೀರಾತಿನಿಂದ ಬೇಕಾದರೂ ನಕಲು ಮಾಡಬಹುದು. ಮುಂಬೈನ ಹೆಸರುವಾಸಿ ಏಜೆನ್ಸಿಯ ಸಂಖ್ಯೆಯನ್ನು ಮಿರಜದಲ್ಲೋ ಕೊಲ್ಹಾಪುರದಲ್ಲೋ ಯಾರೋ ತಮ್ಮ ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ತಡೆಯುವವರು ಯಾರು? ಅದಕ್ಕಾಗಿ ಪರದೆಯ ಮೇಲೆ ಕಾಣುವ ವಿಳಾಸವನ್ನೂ ಫೋನ್ ನಂಬರನ್ನೂ ಬರೆದುಕೊಳ್ಳಬೇಕು. ವಿಳಾಸದಲ್ಲಿ ಮಿರಜ ಇಲ್ಲದಿದ್ದರೆ ಶಾಖೆಗಳ ವಿವರ ನೋಡಬೇಕು, ಶಾಖೆ ತೆರೆಯಲೂ ಮಹಾರಕ್ಷಕರ ಅನುಮತಿ ಬೇಕು. ಆಮೇಲೆ ಕರಪತ್ರದಲ್ಲಿರುವ ನಂಬರಿಗೆ ಅಲ್ಲ, ಸರ್ಕಾರಿ ತಾಣದಲ್ಲಿರುವ ನಂಬರಿಗೆ ಫೋನ್ ಮಾಡಬೇಕು.

ಫೋನಿನಲ್ಲಿ ಕೇಳಬೇಕಾದದ್ದು ಹೆಚ್ಚಿಲ್ಲ. ಮಿರಜದಲ್ಲಿ ನಿಮ್ಮ ಶಾಖೆ ಇದೆಯೇ? ಇಂಥ ಹೆಸರಿನವರು ನಿಮ್ಮ ನೌಕರರೇ? ದುಬೈನ ಇಂಥ ಕಂಪನಿಗೆ ಪ್ಯಾಕಿಂಗ್ ಹೆಲ್ಪರ್‌ಗಳ ನೇಮಕಾತಿ ನಿಮ್ಮಲ್ಲಿ ನಡೆದಿದೆಯೇ? ಹಿಂದಿಯಲ್ಲೋ ಮರಾಠಿಯಲ್ಲೋ ಕೇಳುವುದು ಗಡಿ ಸೀಮೆಯವರಿಗೆ ಹೊಸದೇನಲ್ಲ. 'ಅವರು ನಮ್ಮ ಸಬ್ ಏಜೆಂಟ್' ಎಂಬ ಉತ್ತರ ಬಂದರೂ ಸಮಾಧಾನಪಡಬಾರದು. ಕಾಯ್ದೆಯಲ್ಲಿ ಸಬ್ ಏಜೆಂಟ್ ಎಂಬ ಜಾಗವೇ ಇಲ್ಲ. ಹಳ್ಳಿಯ ಮಟ್ಟದಲ್ಲಿ ಹಣ ಕೈಬದಲಾಗುವುದೆಲ್ಲ ಈ ಮಧ್ಯದವರ ಮೂಲಕವೇ. ರಸೀದಿ ಇಲ್ಲದೆ ಮಾಯವಾಗುವುದೂ ಅವರಲ್ಲಿಯೇ. ಹಾಗಾಗಿ ಮಧ್ಯದವನನ್ನು ಬಿಟ್ಟು ನೇರವಾಗಿ ಲೈಸೆನ್ಸ್ ಇರುವ ಕಚೇರಿಯೊಡನೆ ವ್ಯವಹರಿಸುವುದೇ ದಾರಿ.

ಏಜೆಂಟ್ ಅಸಲಿ ಎಂದು ಖಚಿತವಾದ ಮೇಲೆ ಕೆಲಸ ಅಸಲಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ವಿದೇಶದ ಮಾಲೀಕ ಏಜೆಂಟನಿಗೆ ಎರಡು ಕಾಗದ ಕೊಟ್ಟಿರಬೇಕು: ಎಷ್ಟು ಜನ, ಯಾವ ಕೆಲಸಕ್ಕೆ, ಎಷ್ಟು ಸಂಬಳಕ್ಕೆ ಬೇಕು ಎನ್ನುವ ಬೇಡಿಕೆ ಪತ್ರ ಮತ್ತು ತನ್ನ ಪರವಾಗಿ ನೇಮಿಸಿಕೊಳ್ಳಲು ಅಧಿಕಾರ ಪತ್ರ. ಅವುಗಳ ಜೊತೆಗೆ ಕೆಲಸಗಾರನ ಹೆಸರಿನ ಉದ್ಯೋಗ ಒಪ್ಪಂದ. ಬೇಡಿಕೆ ಪತ್ರದಲ್ಲಿರುವ ಕೆಲಸ, ಒಪ್ಪಂದದಲ್ಲಿರುವ ಕೆಲಸ, ವೀಸಾದಲ್ಲಿ ಬರೆದ ಕೆಲಸ ಮೂರೂ ಒಂದೇ ಆಗಿರಬೇಕು. 2022ರಲ್ಲಿ ನೆರೆಯ ವಿಜಯಪುರ ಜಿಲ್ಲೆಯ ಇಬ್ಬರು ಯುವಕರು ತರಕಾರಿ ಪ್ಯಾಕಿಂಗ್ ಕೆಲಸವೆಂದು ಕುವೈತಿಗೆ ಹೋಗಿ ಒಂಟೆ ಕಾಯುವ ಕೆಲಸಕ್ಕೆ ಸಿಕ್ಕಿಕೊಂಡಿದ್ದರು, ರಾಯಭಾರ ಕಚೇರಿಯ ನೆರವಿನಿಂದ ಹಿಂತಿರುಗಿದರು. ಹೊರಡುವ ಮೊದಲು ವೀಸಾವನ್ನು ಓದಬಲ್ಲವರಿಂದ ಓದಿಸಿಕೊಳ್ಳುವುದು ಇಂಥದ್ದಕ್ಕಾಗಿ. 'ಸದ್ಯ ವಿಸಿಟ್ ವೀಸಾದ ಮೇಲೆ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ' ಎಂದರೆ ಎದ್ದು ಬರಬೇಕು. ಪ್ರವಾಸಿ ವೀಸಾದ ಮೇಲೆ ಹೋದವನನ್ನು ಕೆಲಸಗಾರ ಎಂದು ತೋರಿಸುವ ದಾಖಲೆ ಎರಡೂ ದೇಶಗಳಲ್ಲಿ ಎಲ್ಲಿಯೂ ಇರುವುದಿಲ್ಲ.

ಇನ್ನು ಹಣ. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ತೆರಿಗೆ 5,400 ಸೇರಿ ಒಟ್ಟು 35,400 ರೂಪಾಯಿ. ಇದಕ್ಕೆ ರಸೀದಿ ಕೊಡಲೇಬೇಕು. ಅಕ್ರಮ ಏಜೆಂಟರು ಎರಡರಿಂದ ಐದು ಲಕ್ಷದವರೆಗೆ ಕೀಳುತ್ತಿದ್ದಾರೆ ಎಂದು ವಿದೇಶಾಂಗ ಸಚಿವಾಲಯ 2023ರ ಡಿಸೆಂಬರಿನಲ್ಲಿ ಎಚ್ಚರಿಸಿತ್ತು. ಕಲಬುರಗಿಯ ಹುಡುಗರು ರಷ್ಯಾಕ್ಕೆ ಹೊರಟಿದ್ದೂ ಸುಮಾರು ಅದೇ ಹೊತ್ತಿನಲ್ಲಿ. ಐಗಳಿಯ ಹುಡುಗನಿಗೆ ಹೇಳಿದ ಒಂದೂಕಾಲು ಲಕ್ಷವನ್ನು ಈ 35,400ರ ಪಕ್ಕದಲ್ಲಿಟ್ಟು ನೋಡಿ. ಆ ಒಂದು ಅಂಕಿಯೇ ಸಾಕು, ಉಳಿದ ಯಾವ ಪರೀಕ್ಷೆಯೂ ಬೇಡ. ಎಷ್ಟೋ ಮನೆಗಳಲ್ಲಿ ಈ ಹಣ ಕೈಗಡವಾಗಿ, ಬಡ್ಡಿ ಸಾಲವಾಗಿ, ತಾಯಿಯ ಬಂಗಾರ ಒತ್ತೆಯಾಗಿ ಬರುತ್ತದೆ. ಮಿತಿ ಏನೆಂದು ಮೊದಲೇ ಗೊತ್ತಿದ್ದರೆ ಆ ಬಂಗಾರ ಮನೆಯಲ್ಲೇ ಉಳಿಯುತ್ತಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಹಣ ಹೋಗಬೇಕಾದದ್ದು ಸರ್ಕಾರಿ ತಾಣದಲ್ಲಿ ಕಂಡ ಅದೇ ಹೆಸರಿನ ಬ್ಯಾಂಕ್ ಖಾತೆಗೆ. ಫೋನ್‌ಪೇಯಲ್ಲಿ ಕಳಿಸುವಾಗ ಪರದೆಯ ಮೇಲೆ ಯಾರದೋ ವೈಯಕ್ತಿಕ ಹೆಸರು ಬಂದರೆ ಕೈ ತಡೆಯಬೇಕು. 'ಸೀಟು ಹಿಡಿದಿಡಲು ಸಂಜೆಯೊಳಗೆ ಅಡ್ವಾನ್ಸ್' ಎಂಬ ಅವಸರವೂ ಒಂದು ಗುರುತೇ. ಬೇಡಿಕೆ ಪತ್ರ ನಿಜವಿದ್ದರೆ ಅದು ಒಂದು ಸಂಜೆಯಲ್ಲಿ ಓಡಿಹೋಗುವುದಿಲ್ಲ.

ಈ ವ್ಯವಸ್ಥೆಗೂ ಒಂದು ಮಿತಿ ಇದೆ, ಅದನ್ನು ತಿಳಿದಿರಬೇಕು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ ಗುರುತು ಇರುತ್ತದೆ. ಅಂಥವರು ಗಲ್ಫ್ ದೇಶಗಳೂ ಮಲೇಷ್ಯಾ, ಥಾಯ್ಲೆಂಡ್, ಜೋರ್ಡಾನ್‌ನಂಥವೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಆಗ ಒಪ್ಪಂದವನ್ನು ಸರ್ಕಾರದ ಕಡೆಯಿಂದ ಒಬ್ಬರಾದರೂ ನೋಡುತ್ತಾರೆ. ಹತ್ತನೆಯ ತರಗತಿ ದಾಟಿದವರಿಗೆ ಸಾಮಾನ್ಯವಾಗಿ ಈ ಅನುಮತಿ ಬೇಕಿಲ್ಲ. 18 ದೇಶಗಳ ಹೊರಗೆ ಯಾರಿಗೂ ಬೇಕಿಲ್ಲ, ರಷ್ಯಾ ಆ ಪಟ್ಟಿಯಲ್ಲಿ ಇಲ್ಲ. ಕಲಬುರಗಿಯವರ ಕಾಗದಗಳನ್ನು ಹೊರಡುವ ಮೊದಲು ಯಾರೂ ತಡೆದು ಕೇಳದಿದ್ದುದಕ್ಕೆ ಇದೂ ಒಂದು ಕಾರಣ. ಲೈಸೆನ್ಸ್ ಮಾತ್ರ ಯಾವ ದೇಶಕ್ಕೆ ಕಳಿಸುವ ಏಜೆಂಟನಿಗೂ ಬೇಕು. ಹೆಚ್ಚು ಓದಿದವರಿಗೆ, ದೂರದ ಹೊಸ ದೇಶಗಳಿಗೆ ಹೋಗುವವರಿಗೆ ಸರ್ಕಾರದ ತಪಾಸಣೆ ಕಡಿಮೆ, ಸ್ವಂತ ತಪಾಸಣೆಯ ಹೊರೆ ಹೆಚ್ಚು.

ಖಾಸಗಿ ಏಜೆಂಟರ ಗೊಡವೆಯೇ ಬೇಡವೆನ್ನುವವರಿಗೆ ಬೆಂಗಳೂರಿನಲ್ಲಿ ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮವಿದೆ. ರಾಜ್ಯ ಸರ್ಕಾರದ್ದಾದ ಈ ನಿಗಮ ವಿದೇಶ ನೇಮಕಾತಿಗೆ ನೋಂದಾಯಿಸಿಕೊಂಡಿದೆ. ಅದರಲ್ಲಿ ಕೆಲಸಗಳ ಸಂಖ್ಯೆ ಖಾಸಗಿಯವರಷ್ಟು ಇರುವುದಿಲ್ಲ, ಕಾಯಬೇಕಾಗುತ್ತದೆ. ಸಂಶಯ ಬಂದಾಗ ಕೇಳಲು ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ 1800-11-3090 ಇದೆ. ಬೆಂಗಳೂರಿನಲ್ಲಿ ವಲಸಿಗರ ರಕ್ಷಕರ ಕಚೇರಿಯೂ ಇದೆ.

ಹಣ ಆಗಲೇ ಹೋಗಿದ್ದರೆ? ಲೈಸೆನ್ಸ್ ಇಲ್ಲದೆ ನೇಮಕಾತಿ ಮಾಡುವುದು ಕಾಯ್ದೆಯ 24ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ದಂಡ ಮಾತ್ರ ಹೆಚ್ಚೆಂದರೆ ಎರಡು ಸಾವಿರ ರೂಪಾಯಿ, 1983ರಲ್ಲಿ ಬರೆದದ್ದು. ಲಕ್ಷಗಟ್ಟಲೆ ಎತ್ತುವವನಿಗೆ ಇದು ಯಾವ ಲೆಕ್ಕ? ಆದ್ದರಿಂದ ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ ವಂಚನೆಯ ಕಲಂ 318 ಕೂಡ ಸೇರಬೇಕೆಂದು ಠಾಣೆಯಲ್ಲಿ ಒತ್ತಾಯಿಸಬೇಕು. ಠಾಣೆಯಲ್ಲಿ ಕೆಲವೊಮ್ಮೆ 'ವಲಸೆ ಕಾಯ್ದೆಯ ಕೇಸಿಗೆ ಕೇಂದ್ರದ ಅನುಮತಿ ಬೇಕು' ಎಂಬ ಮಾತು ಬರುತ್ತದೆ. 27ನೇ ಕಲಂ ಹಾಗೆ ಹೇಳುವುದು ನಿಜ. ಆದರೆ ಅದೇ ಕಲಮಿನಲ್ಲಿ ವಿನಾಯಿತಿಯೂ ಇದೆ: ಮೋಸಹೋದ ವಲಸಿಗನೋ, ಹೋಗಲು ಹೊರಟಿದ್ದವನೋ, ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಅಣ್ಣತಮ್ಮಂದಿರಂಥ ಹತ್ತಿರದವರೋ ದೂರು ಕೊಟ್ಟರೆ ಆ ಅನುಮತಿ ಬೇಕಿಲ್ಲ. ಮಗ ದುಬೈನಲ್ಲಿ ಸಿಲುಕಿದ್ದರೆ ತಾಯಿ ಐಗಳಿಯಲ್ಲಿದ್ದುಕೊಂಡೇ ಠಾಣೆಗೆ ಹೋಗಿ ದೂರು ಕೊಡಬಹುದು. ಜೊತೆಗೆ ಒಯ್ಯಬೇಕಾದದ್ದು ಮೊದಲ ವಾಟ್ಸಾಪ್ ಸಂದೇಶದಿಂದ ಹಿಡಿದು ಎಲ್ಲ ಸಂದೇಶಗಳ ಚಿತ್ರ, ಹಣ ಕಳಿಸಿದ ಬ್ಯಾಂಕ್ ದಾಖಲೆ, ಏಜೆಂಟನ ವಿಸಿಟಿಂಗ್ ಕಾರ್ಡ್, ಮತ್ತು ಆ ಹೆಸರಿನವರು ನೋಂದಾಯಿತರ ಪಟ್ಟಿಯಲ್ಲಿ ಇಲ್ಲ ಎಂದು ತೋರಿಸುವ emigrate.gov.in ಪುಟದ ಮುದ್ರಿತ ಪ್ರತಿ.